ಒಂದೇ ರೋಟರ್, ಎರಡು ಸ್ವಭಾವ

ನಮಸ್ಕಾರ ಕೇಳುಗರೆ.

ಕೆಲವು ವರ್ಷಗಳ ಹಿಂದೆ ಒಂದು ಜಲ್ಲಿ ಕ್ರಷರ್‌ನವರು ನನ್ನನ್ನು ಕರೆಸಿದ್ದರು. ಬೆಲ್ಟ್ ಓಡಿಸುವ 50 ಎಚ್‌ಪಿ ಮೋಟಾರು. ಬೆಲ್ಟ್ ಖಾಲಿ ಇದ್ದರೆ ಎದ್ದು ಓಡುತ್ತಿತ್ತು. ಜಲ್ಲಿ ತುಂಬಿದ್ದಾಗ ಕರೆಂಟ್ ಹೋಗಿ ಬಂದರೆ ಮಾತ್ರ ಗುಂಯ್ ಅಂತ ನಿಂತಲ್ಲೇ ನಿಲ್ಲುತ್ತಿತ್ತು. ವೈಂಡಿಂಗ್ ಪರೀಕ್ಷೆ ಮಾಡಿಸಿದ್ದರು, ಸರಿಯಾಗಿತ್ತು. ಹಾಗಾದರೆ ದೋಷ ಎಲ್ಲಿ?

ಅದಕ್ಕೆ ಮೊದಲು ಮೋಟಾರಿನ ತಿರುಗುವ ಭಾಗ, ಅಂದರೆ ರೋಟರ್ ಒಳಗೆ ಏನಿದೆ ನೋಡೋಣ. ಕಬ್ಬಿಣದ ಉರುಳೆ. ಅದರ ಸುತ್ತ ಉದ್ದಕ್ಕೂ ತೋಡುಗಳು, ಅಂದರೆ ಸ್ಲಾಟ್‌ಗಳು. ಅವುಗಳಲ್ಲಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಬಾರ್‌ಗಳು. ಎರಡೂ ತುದಿಯಲ್ಲಿ ಒಂದೊಂದು ಬಳೆ ಎಲ್ಲ ಬಾರ್‌ಗಳನ್ನೂ ಸೇರಿಸುತ್ತದೆ. ಪಂಜರದ ಹಾಗೆ, ಅಲ್ವಾ?

ಈ ಬಾರ್‌ಗಳಿಗೆ ಹೊರಗಿಂದ ಯಾರೂ ಕರೆಂಟ್ ಕೊಡುವುದಿಲ್ಲ. ಹೊರಗಿನ ವೈಂಡಿಂಗ್ ಹುಟ್ಟಿಸುವ, ಸುತ್ತುವ ಕಾಂತಕ್ಷೇತ್ರಕ್ಕಿಂತ ರೋಟರ್ ಎಷ್ಟು ಹಿಂದೆ ಬೀಳುತ್ತದೋ ಅದೇ ಸ್ಲಿಪ್. ಆ ಹಿಂದೆ ಬೀಳುವಿಕೆಯೇ ಬಾರ್‌ನಲ್ಲಿ ಕರೆಂಟ್ ಹುಟ್ಟಿಸುತ್ತದೆ. ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕಿದರೆ ನಮ್ಮ ಮೋಟಾರು 1470 ಸುತ್ತು ಓಡುತ್ತಿತ್ತು. ಸ್ಲಿಪ್ 2 ಶೇಕಡ. ರೋಟರಿಗೆ ದಾಟಿದ ಶಕ್ತಿಯಲ್ಲಿ ಅಷ್ಟೇ ಶೇಕಡ ಅದರ ಬಾರ್‌ಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಬಾರ್‌ನ ರೆಸಿಸ್ಟೆನ್ಸ್ ಕಡಿಮೆ ಇದ್ದರೆ ಸ್ಲಿಪ್ ಕಡಿಮೆ, ನಷ್ಟ ಕಡಿಮೆ.

ಆದರೆ ಹೊರಡುವಾಗ ಇದೇ ಒಳ್ಳೆಯ ಗುಣ ಕಾಲೆಳೆಯುತ್ತದೆ. ಅಂದಾಜಿಗೆ ಒಂದು ಸುಲಭ ಲೆಕ್ಕ. ಹೊರಡುವ ಕರೆಂಟ್ ಮಾಮೂಲಿ ಕರೆಂಟಿನ 6 ಪಟ್ಟು ಅನ್ನಿ. 6ರ ವರ್ಗ 36. ಅದನ್ನು 0.02 ಸ್ಲಿಪ್‌ನಿಂದ ಗುಣಿಸಿ, 0.72. ಅಂದರೆ ಆರು ಪಟ್ಟು ಕರೆಂಟ್ ಎಳೆದೂ ಮಾಮೂಲಿ ತಿರುಗುಬಲದ ಮುಕ್ಕಾಲು ಭಾಗವೂ ಸಿಗಲಿಲ್ಲ. ತುಂಬಿದ ಬೆಲ್ಟ್ ಅಲುಗುವುದಿಲ್ಲ. ರೆಸಿಸ್ಟೆನ್ಸ್ ಮೂರು ಪಟ್ಟು ಮಾಡಿದರೆ ಕರೆಂಟ್ 5.5 ಪಟ್ಟಿಗೆ ಇಳಿದರೂ ಬಲ 1.8ಕ್ಕೆ ಏರುತ್ತದೆ. ಆದರೆ ಅದೇ ರೆಸಿಸ್ಟೆನ್ಸ್ ಇಟ್ಟುಕೊಂಡು ದಿನವಿಡೀ ಓಡಿಸಿದರೆ ಸ್ಲಿಪ್ 6 ಶೇಕಡ ಆಗುತ್ತದೆ, ರೋಟರ್ ಬೇಯುತ್ತದೆ.

ಹೊರಡುವಾಗ ಜಾಸ್ತಿ, ಓಡುವಾಗ ಕಡಿಮೆ ರೆಸಿಸ್ಟೆನ್ಸ್ ಬೇಕು. ಸ್ವಿಚ್ ಹಾಕೋಣ ಅಂದರೆ ಬಾರ್‌ಗಳು ತಿರುಗುತ್ತಿವೆ. ಇಲ್ಲಿ ನೆರವಿಗೆ ಬರುವುದು ಬಾರ್‌ನ ಆಕಾರ.

ನಿಂತ ರೋಟರಿನ ಬಾರ್‌ನಲ್ಲಿ ಕರೆಂಟಿನ ಆವರ್ತನ 50 ಹರ್ಟ್ಸ್. 1470 ಸುತ್ತಿಗೆ ಬಂದ ಮೇಲೆ ಬರೀ 1 ಹರ್ಟ್ಸ್. ಈಗ 40 ಮಿಲಿಮೀಟರ್ ಆಳದ, ಅಗಲ ಕಮ್ಮಿಯ ತಾಮ್ರದ ಬಾರ್ ಕಲ್ಪಿಸಿಕೊಳ್ಳಿ. ತೋಡಿನೊಳಗೆ ನಿಲ್ಲಿಸಿದ ಪಟ್ಟಿಯ ಹಾಗೆ. ಅದರ ತಳ ಮೂರು ಕಡೆ ಕಬ್ಬಿಣದಲ್ಲಿ ಹೂತಿದೆ. ತಳದಲ್ಲಿ ಹರಿಯುವ ಕರೆಂಟನ್ನು ಹೆಚ್ಚು ಕಾಂತರೇಖೆಗಳು ಸುತ್ತುತ್ತವೆ, ಹಾಗಾಗಿ 50 ಹರ್ಟ್ಸ್‌ನಲ್ಲಿ ಅಲ್ಲಿ ತಡೆ ಜಾಸ್ತಿ. ಕರೆಂಟ್ ಮೇಲಕ್ಕೆ ಒತ್ತರಿಸಿಕೊಂಡು ಹೆಚ್ಚುಕಮ್ಮಿ ಮೇಲಿನ 10 ಮಿಲಿಮೀಟರ್‌ನಲ್ಲೇ ಹರಿಯುತ್ತದೆ. ಉಳಿದ ತಾಮ್ರ ಸುಮ್ನೆ ಕೂತಿರುತ್ತದೆ. ದಾರಿ ಕಿರಿದಾಯಿತು, ರೆಸಿಸ್ಟೆನ್ಸ್ ಏರಿತು. ವೇಗ ಏರಿದಂತೆ ಆವರ್ತನ ಇಳಿಯುತ್ತದೆ, ಕರೆಂಟ್ ಕೆಳಗಿಳಿದು ಇಡೀ ಬಾರ್ ತುಂಬುತ್ತದೆ. ಇದು ಡೀಪ್ ಬಾರ್.

ಡಬಲ್ ಕೇಜ್‌ನಲ್ಲಿ ಇದನ್ನೇ ಬಿಡಿಸಿ ಎರಡು ಪಂಜರ ಮಾಡುತ್ತಾರೆ. ಮೇಲೆ ರೆಸಿಸ್ಟೆನ್ಸ್ ಜಾಸ್ತಿಯ ಸಣ್ಣ ಹಿತ್ತಾಳೆ ಬಾರ್, ಕೆಳಗೆ ದಪ್ಪ ತಾಮ್ರದ ಬಾರ್, ನಡುವೆ ಕಿರಿದಾದ ಸೀಳು. ಹೊರಡುವ ಕೆಲಸ ಬಹುಪಾಲು ಹಿತ್ತಾಳೆಯದು, ಓಡಿಸುವುದು ಬಹುಪಾಲು ತಾಮ್ರದ್ದು. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು ಅನ್ನುವುದೇ ಡೀಪ್ ಬಾರ್‌ಗಿಂತ ಇದರ ಅನುಕೂಲ. ಆಳದ ಬಾರ್‌ಗೆ ಸುತ್ತುವ ಕಾಂತರೇಖೆ ಜಾಸ್ತಿಯಾದ್ದರಿಂದ ಎರಡರಲ್ಲೂ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, ಸ್ವಲ್ಪ ಇಳಿಯುತ್ತದೆ, ಮೋಟಾರಿನ ಗರಿಷ್ಠ ತಿರುಗುಬಲವೂ ತಗ್ಗುತ್ತದೆ. ಅದು ಕೊಡಬೇಕಾದ ಬೆಲೆ.

ಈಗ ಆ ಕ್ರಷರ್‌ಗೆ ಬರೋಣ. ಅಲ್ಲಿದ್ದದ್ದು ಡಬಲ್ ಕೇಜ್ ಮೋಟಾರು. ಸಾಧಾರಣ ರೋಟರಿನಲ್ಲಿ ಬಾರ್ ಮುರಿದರೆ ಆಮ್ಮೀಟರ್ ಮುಳ್ಳು ತೂಗಾಡುತ್ತದೆ, ರೋಟರ್ ಕರೆಂಟಿನ ಆವರ್ತನದ ಎರಡು ಪಟ್ಟು ವೇಗದಲ್ಲಿ. ಇಲ್ಲಿ ಸೆಕೆಂಡಿಗೆ ಎರಡು ಸಲ. ಲೋಡ್ ಮೇಲೆ ಓಡಿಸಿ ನೋಡಿದೆ, ಮುಳ್ಳು ನೆಟ್ಟಗೆ ನಿಂತಿತ್ತು. ಅಲ್ಲೇ ನನಗೆ ಅನುಮಾನ ಬಂತು. ಓಡುವಾಗ ಕರೆಂಟ್ ಬಹುಪಾಲು ಇರುವುದು ಕೆಳಗಿನ ತಾಮ್ರದಲ್ಲಿ. ಮೇಲಿನ ಹಿತ್ತಾಳೆ ಮುರಿದಿದ್ದರೆ ಓಡುವ ಮೋಟಾರು ಅದನ್ನು ಹೆಚ್ಚುಕಮ್ಮಿ ತೋರಿಸುವುದೇ ಇಲ್ಲ!

ರೋಟರ್ ಹೊರತೆಗೆಸಿ ತುದಿಯ ಬಳೆ ಒರೆಸಿ ನೋಡಿದೆವು. ಹಿತ್ತಾಳೆ ಬಾರ್ ಬಳೆಗೆ ಬೆಸೆದ ಕಡೆ ಆರು ಬಿರುಕು, ಸುತ್ತ ಕಪ್ಪು. ನಿಂತಿದ್ದನ್ನು ಎಬ್ಬಿಸುವಾಗ ಹುಟ್ಟುವ ಬಿಸಿಯಲ್ಲಿ ಹೆಚ್ಚಿನ ಪಾಲು ಆ ಪುಟ್ಟ ಬಾರ್‌ಗಳಿಗೇ ಬೀಳುತ್ತದೆ. ಅವು ಕಾದು ಉದ್ದವಾಗುತ್ತವೆ, ಕೆಳಗಿನ ತಾಮ್ರ ಇನ್ನೂ ತಣ್ಣಗಿರುತ್ತದೆ. ಆ ರೋಟರಿನಲ್ಲಿ ಎರಡೂ ಪಂಜರಕ್ಕೆ ಒಂದೇ ಬಳೆ ಇತ್ತು. ಎಳೆದಾಟ ಬಿದ್ದದ್ದು ಬೆಸುಗೆಯ ಮೇಲೆ. ಬಳೆ ಬೇರೆ ಬೇರೆ ಇಡುವುದು ಇದಕ್ಕೇ.

ಆಪರೇಟರನ್ನು ಕೇಳಿದೆ: "ಏಳದಿದ್ದರೆ ಏನು ಮಾಡ್ತೀರಪ್ಪ?"

"ಬಟನ್ ಮತ್ತೆ ಮತ್ತೆ ಒತ್ತುತ್ತೀವಿ ಸಾರ್," ಅಂದ.

ಹೊಸ ಹಿತ್ತಾಳೆ ಬಾರ್ ಹಾಕಿಸಿ, ಬೆಸೆಸಿ, ಎರಡು ಸ್ಟಾರ್ಟ್‌ಗಳ ನಡುವೆ ಅರ್ಧ ಗಂಟೆ ಬಿಡದೆ ಬಟನ್ ಕೆಲಸ ಮಾಡದಂತೆ ಟೈಮರ್ ಕೂರಿಸಿ ಬಂದೆ.

ನಮಸ್ಕಾರ.