‘ಗಾಯ ಇದೆ, ನೋವಿಲ್ಲ’: ಸಕ್ಕರೆ ಕಾಯಿಲೆ ಇರುವ ಕಟ್ಟಡ ಕೆಲಸಗಾರರ ಕಾಲಿನ ಬಗ್ಗೆ

ಅಣ್ಣಂದಿರೇ, ಅಕ್ಕಂದಿರೇ, ಬಿಸಿಲಲ್ಲಿ ದುಡಿದು ಬಂದು ಕೂತಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಶುಗರ್ ಇರುವವರು ಕಾಲು ತೋರಿಸಲು ಬಂದಾಗ ‘ಗಾಯ ಆಗಿದೆ, ಆದ್ರೆ ನೋವೇನಿಲ್ಲ’ ಅನ್ನುತ್ತಾರೆ. ಗಾಯಕ್ಕಿಂತ ಆ ಎರಡನೇ ಮಾತಿಗೇ ನನಗೆ ಹೆದರಿಕೆ ಜಾಸ್ತಿ. ವರ್ಷಗಟ್ಟಲೆ ಸಕ್ಕರೆ ಏರಿಕೊಂಡೇ ಇದ್ದರೆ ನರಗಳು ಕೆಡುತ್ತವೆ. ದೇಹದ ಉದ್ದದ ನರಗಳು ಮೊದಲು ಕೆಡುವುದರಿಂದ ಜೋಮು ಕಾಲ್ಬೆರಳಿನಿಂದ ಶುರುವಾಗುತ್ತದೆ. ಬೆವರು ಬರಿಸುವ ನರವೂ ಸೋಲುತ್ತದೆ, ಆಗ ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ.

ಸೆಂಟ್ರಿಂಗ್ ಕೆಲಸದವರೊಬ್ಬರನ್ನು ನೆನೆಸಿಕೊಳ್ಳಿ. ಹತ್ತು ವರ್ಷದಿಂದ ಶುಗರ್. ಹಲಗೆ ಬಿಚ್ಚುವಾಗ ಮೊಳೆಯೊಂದು ಹವಾಯಿ ಚಪ್ಪಲಿ ತೂರಿ ಅಂಗಾಲಿಗೆ ಚುಚ್ಚಿದೆ. ಗೊತ್ತೇ ಆಗಲಿಲ್ಲ. ನೋವಿದ್ದಿದ್ದರೆ ಕುಂಟುತ್ತಿದ್ದರು. ನೋವಿಲ್ಲ, ಹಾಗಾಗಿ ಸಂಜೆವರೆಗೂ ಅದೇ ತೂತಿನ ಮೇಲೆ ಭಾರ ಹಾಕಿ ನಡೆದರು. ಹಸಿ ಸಿಮೆಂಟಿನ ನೀರೂ ತಾಗಿತು. ಅದು ಕ್ಷಾರ, ಚರ್ಮವನ್ನು ಸುಡುತ್ತದೆ. ರಾತ್ರಿ ಒಂದು ಕಪ್ಪು ಚುಕ್ಕೆ ಕಂಡಿತು, ಅರಿಶಿನ ಮೆತ್ತಿ ಮಲಗಿದರು. ನಾಲ್ಕನೇ ದಿನಕ್ಕೆ ಪಾದ ಊದಿ, ವಾಸನೆ ಬಂದು, ಸಕ್ಕರೆ ಏರಿತು. ಮೇಲೆ ಸಣ್ಣ ತೂತು, ಒಳಗೆ ಕೀವು ಮೂಳೆಯವರೆಗೆ. ಬೆರಳು ಹೋಗುವುದು ಹೀಗೆ.

ಆ ಮೊದಲ ಸಂಜೆಯೇ ಮಾಡಬೇಕಾದದ್ದು ಇಷ್ಟು: ಶುದ್ಧ ನೀರಲ್ಲಿ ತೊಳೆದು, ಒಣ ಬಟ್ಟೆ ಸುತ್ತಿ, ಮಾರನೇ ದಿನ ಕೆಲಸಕ್ಕೆ ಹೋಗದೆ ಆಸ್ಪತ್ರೆಗೆ ಹೋಗುವುದು. ಟಿಟಿ ಇಂಜೆಕ್ಷನ್ ಬೇಕೇ ಅಂತ ಅವರು ನೋಡುತ್ತಾರೆ. ಆಮೇಲೆ ಆ ಕಾಲಿನ ಮೇಲೆ ಭಾರ ಹಾಕಬಾರದು. ಔಷಧಿ ಎಷ್ಟೇ ಹಚ್ಚಿದರೂ ತುಳಿಯುತ್ತಿದ್ದರೆ ಅಂಗಾಲಿನ ಹುಣ್ಣು ಮಾಯುವುದಿಲ್ಲ. ಅದಕ್ಕೇ ಕೆಲವರಿಗೆ ವಾರಗಟ್ಟಲೆ ಪ್ಲಾಸ್ಟರ್ ಹಾಕುತ್ತಾರೆ. ರಜೆ ಹಾಕಿದರೆ ಕೂಲಿ ಇಲ್ಲ, ನನಗೆ ಗೊತ್ತು. ಮೇಸ್ತ್ರಿಯ ಹತ್ತಿರ ಕೂತು ಮಾಡುವ ಕೆಲಸ ಕೇಳಿ. ಸಿಗದಿದ್ದರೆ ಆ ಕೆಲವು ವಾರದ ಕೂಲಿ ಬಿಡುವುದೇ ಲಾಭ ಅಂತ ನಾನು ಹೇಳುತ್ತೇನೆ.

ಕಾಲು ಹೇಳದಿದ್ದರೆ ಕಣ್ಣೇ ನೋಡಬೇಕು, ಅಲ್ವಾ? ದಿನಾ ಸಂಜೆ ಕಾಲು ತೊಳೆದಾಗ ಬಲ್ಬಿನ ಕೆಳಗೆ ಕೂರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಿ. ಬೆರಳ ಸಂದಿ ಒರೆಸಿ, ಒಂದೊಂದಾಗಿ ಬಿಡಿಸಿ ನೋಡಿ. ಅಂಗಾಲು ಕಾಣದಿದ್ದರೆ ನೆಲಕ್ಕೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮನೆಯವರಿಗೆ ಹೇಳಿ. ಕಣ್ಣಿನ ದೃಷ್ಟಿಯನ್ನೂ ಶುಗರ್ ಕೆಡಿಸುತ್ತದೆ ಅನ್ನುವುದು ನೆನಪಿರಲಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಸಾಕು, ಸಂದಿಗೆ ಬೇಡ, ಅಲ್ಲಿ ಒದ್ದೆಯಾಗಿ ಕೊಳೆಯುತ್ತದೆ.

ಆಮೇಲೆ ಅಂಗೈ ಹಿಂಬದಿಯಿಂದ ಎರಡೂ ಪಾದ ಮುಟ್ಟಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ, ಊತ ಇದೆ, ಗಾಯ ಇಲ್ಲ, ನೋವೂ ಇಲ್ಲ ಅಂದರೆ ಸುಮ್ನೆ ಬಿಡಬೇಡಿ. ಒಳಗೆ ಮೂಳೆ, ಕೀಲು ಮುರಿಯುತ್ತಿರಬಹುದು. ನಡೆಯುತ್ತಲೇ ಇದ್ದರೆ ಪಾದದ ಆಕಾರವೇ ಕೆಡುತ್ತದೆ.

ಆಣಿಯನ್ನು ಬ್ಲೇಡಿನಿಂದ ಕೆತ್ತುವವರು ಇಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು ಬೇಡ. ಆಣಿಗೆ ಅಂಟಿಸುವ ಪಟ್ಟಿಯಲ್ಲಿ ಆಸಿಡ್ ಇರುತ್ತದೆ, ಅದೂ ಬೇಡ. ಆಣಿಯೊಳಗೆ ಕಪ್ಪು ಕಂಡರೆ ಅಡಿಯಲ್ಲಿ ರಕ್ತ ಒಸರಿದೆ, ಹುಣ್ಣು ಶುರುವಾಗಿದೆ ಅಂತ ತಿಳಿದು ತೋರಿಸಿ.

ಇನ್ನು ಚಪ್ಪಲಿ. ಮನೆಗೆ, ಪೇಟೆಗೆ ಎಂಸಿಆರ್ ಚಪ್ಪಲಿ ಒಳ್ಳೆಯದು. ಮೇಲೆ ಮೆತ್ತಗಿನ ರಬ್ಬರು, ಕೆಳಗೆ ಗಟ್ಟಿ ಅಟ್ಟೆ. ಹಿಂದೆ ಪಟ್ಟಿ ಇರಬೇಕು. ಇಲ್ಲದಿದ್ದರೆ ಜೋಮಿನ ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಆದರೆ ಸೈಟಿಗೆ ಅದು ಸಾಲದು, ಮೊಳೆ ತಡೆಯುವ ಗಟ್ಟಿ ತಳದ ಸೇಫ್ಟಿ ಶೂ ಬೇಕು. ಅದರ ಮುಂಭಾಗದ ಉಕ್ಕು ಬೆರಳಿಗೆ ಒತ್ತದ ಹಾಗೆ ಅಗಲವಾಗಿರಲಿ, ಉದ್ದದ ಬೆರಳಿನ ಮುಂದೆ 1 ಸೆಂಟಿಮೀಟರಿನಷ್ಟು ಜಾಗ ಇರಲಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹಾಕುವ ಮುಂಚೆ ಪ್ರತಿ ಸಲವೂ ಕೊಡವಿ, ಒಳಗೆ ಕೈ ಆಡಿಸಿ. ಜಲ್ಲಿಚೂರು ಇದ್ದರೂ ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ.

ಕೀವು, ಕೆಟ್ಟ ವಾಸನೆ, ಹರಡುತ್ತಿರುವ ಕೆಂಪು, ಕಪ್ಪಾಗುತ್ತಿರುವ ಬೆರಳು, ಚಳಿಜ್ವರ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ರಾತ್ರಿಯಾದರೆ ರಾತ್ರಿಯೇ.

ಈಗ ಎಲ್ಲರೂ ಚಪ್ಪಲಿ ಬಿಚ್ಚಿ. ಇಬ್ಬಿಬ್ಬರು ಎದುರುಬದುರು ಕೂರಿ, ಒಬ್ಬರು ಕಣ್ಣು ಮುಚ್ಚಿ. ಇನ್ನೊಬ್ಬರು ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಚುಚ್ಚಬೇಡಿ. ಮುಟ್ಟಿದ್ದು ತಿಳಿದ ಕೂಡಲೇ ‘ಹೂಂ’ ಅನ್ನಿ. ಆರರಲ್ಲಿ ಎರಡು ಅಥವಾ ಜಾಸ್ತಿ ಕಡೆ ತಿಳಿಯದಿದ್ದರೆ ನರ ಸೋತಿರುವ ಸಾಧ್ಯತೆ ಇದೆ. ಅಂಥವರು ಹೋಗುವ ಮುಂಚೆ ನನಗೆ ಕಾಲು ತೋರಿಸಿ ಹೋಗಿ.