ಕದ ಸರಿಯುವಾಗಲೇ ಕತ್ತರಿಸಿ

ಗೆಳೆಯರೇ, ನೀವು ನಿನ್ನೆ ತೋರಿಸಿದ ಕಿರುಚಿತ್ರಗಳಲ್ಲಿ ಹೆಚ್ಚಿನವು ಬಾಗಿಲ ಬಳಿಯೇ ಎಡವಿದ್ದರಿಂದ, ಇಂದು ಒಂದು ಬಾಗಿಲಿನ ಬಗ್ಗೆ ಮಾತ್ರ ಮಾತನಾಡುತ್ತೇನೆ. ಕೈ ಚಿಲಕವನ್ನು ಮುಟ್ಟಿ ನಿಂತ ಮೇಲೆ ನೀವು ಹೊರಗಿನ ಶಾಟಿನಿಂದ ಒಳಗಿನದಕ್ಕೆ ಕತ್ತರಿಸುತ್ತೀರಿ. ಚಲನೆ ನಿಂತಲ್ಲಿ ಕಣ್ಣಿಗೆ ಬಿಡುವು ಸಿಗುತ್ತದೆ, ಜೋಡಿಸಿದ ಜಾಗ ಎದ್ದು ಕಾಣುತ್ತದೆ. ಕದ ಸರಿಯುತ್ತಿರುವಾಗಲೇ ಕತ್ತರಿಸಿದರೆ ಕಣ್ಣು ಆ ಚಲನೆಯ ಬೆನ್ನು ಹತ್ತಿರುತ್ತದೆ.

ಕಳೆದ ಮಳೆಗಾಲದಲ್ಲಿ ನಾವು ಹೊರಗಿನ ಶಾಟನ್ನು ಕಾಫಿ ತೋಟದ ಹಳೆಯ ಮನೆಯೊಂದರಲ್ಲಿ, ಒಳಗಿನದನ್ನು ಮಡಿಕೇರಿಯ ಬಾಡಿಗೆ ಕೋಣೆಯಲ್ಲಿ ತೆಗೆದೆವು. ಎರಡರಲ್ಲಿಯೂ ನಟರು ಚಿಲಕ ತೆಗೆಯುವುದರಿಂದ ಹಿಡಿದು ಒಳಗೆ ಕಾಲಿಡುವವರೆಗೆ ಪೂರ್ತಿಯಾಗಿ ಅಭಿನಯಿಸಿದ್ದರು. ಹಾಗಿಲ್ಲದಿದ್ದರೆ ಕತ್ತರಿಸುವ ಜಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಕದ ತೆರೆಯಲು ಸುಮಾರು 50 ಫ್ರೇಮ್ ಹಿಡಿಯಿತು. ಸಂದು ಅಂಗೈಯಷ್ಟು ಅಗಲವಾದ 15ನೆಯ ಫ್ರೇಮಿನ ಹತ್ತಿರ ನಾನು ಹೊರಗಿನ ಶಾಟನ್ನು ಬಿಟ್ಟೆ. ಒಳಗಿನದನ್ನು ಅದೇ ಅಂಗೈಯಗಲದಿಂದ ಆರಂಭಿಸಿದಾಗ ಕದ ಮುಂದಕ್ಕೆ ನೆಗೆದಂತೆ ಕಂಡಿತು, ಏಕೆಂದರೆ ಹೊಸ ಚಿತ್ರದಲ್ಲಿ ಎಲ್ಲಿ ನೋಡಬೇಕೆಂದು ಕಣ್ಣು ಹುಡುಕುವಷ್ಟರಲ್ಲಿ ಕೆಲವು ಫ್ರೇಮ್‌ಗಳು ಕಳೆದುಹೋಗುತ್ತವೆ. ಮೂರು ಫ್ರೇಮ್ ಹಿಂದಿನಿಂದ, ಅಂದರೆ ಚಲನೆಯನ್ನು ತುಸು ಮರುಕಳಿಸಿ ಆರಂಭಿಸಿದೆ. ಲೆಕ್ಕಕ್ಕೆ ತಪ್ಪಾದದ್ದು ಕಣ್ಣಿಗೆ ಸರಿಹೋಯಿತು.

ಆದರೂ ಏನೋ ಕಿರಿಕಿರಿ. ಎರಡು ದಿನ ತಲೆ ಕೆರೆದುಕೊಂಡ ಮೇಲೆ, ಟೀ ತಂದ ಹುಡುಗ ಹೇಳಿದ: "ಸಾರ್, ಬಾಗಿಲು ಬೇರೆ ಕಡೆಗಲ್ಲವಾ ತೆರೆದುಕೊಳ್ಳುತ್ತಿರುವುದು?" ಹೊರಗಿನಿಂದ ಎಡಕ್ಕಿರುವ ಕೀಲು ಒಳಗಿನಿಂದ ಬಲಕ್ಕೆ ಕಾಣಬೇಕು. ಬಾಡಿಗೆ ಕೋಣೆಯಲ್ಲಿ ಅದು ಎಡಕ್ಕೇ ಇತ್ತು. ಚಿಲಕವೂ ಮತ್ತೊಂದು ಬದಿಗೆ ಹೋಗಿದ್ದರಿಂದ, ತೋಟದ ಮನೆಯಲ್ಲಿ ಬಲಗೈಯಿಂದ ತಳ್ಳಿದ್ದ ನಟರು ಇಲ್ಲಿ ಸಹಜವಾಗಿ ಕೊಡೆಯನ್ನು ಬಲಗೈಗೆ ಬದಲಿಸಿ ಎಡಗೈಯಿಂದ ತಳ್ಳಿದ್ದರು. ಒಳಗಿನ ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಲಾಗಿ ತಿರುಗಿಸಿದೆ: ಕೀಲು, ಕೈ, ಕೊಡೆ ಮೂರೂ ಒಟ್ಟಿಗೆ ಸರಿಹೋದವು! ಅಂಗಿಯ ಜೇಬು ಬಲಕ್ಕೆ ಬಂದದ್ದು ಸ್ವೆಟರಿನೊಳಗೆ ಮುಚ್ಚಿಹೋಗಿತ್ತು. ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ಮಾತ್ರ ತಿರುಗುಮುರುಗಾದ್ದರಿಂದ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅದನ್ನು ಅಂಚಿನಾಚೆಗೆ ತಳ್ಳಬೇಕಾಯಿತು. ಕ್ಯಾಲೆಂಡರ್ ನಟರ ತಲೆಯ ಹಿಂದೆಯೇ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೆಳಕಿನ ವಿಷಯವನ್ನು ಬಿಡುತ್ತೇನೆ. ಶಬ್ದದ ಬಗ್ಗೆ ಒಂದೇ ಮಾತು: ಚಿಲಕದ ಸದ್ದನ್ನು ಹೊರಗಿನ ಶಾಟಿನಿಂದ ಮಾತ್ರ ಇಟ್ಟುಕೊಳ್ಳಿ. ಮಳೆಯ ಸದ್ದು ಕಟ್ ಆದೊಡನೆ ತಗ್ಗಲಿ, ಬಳಿಕ ಕದ ತೆರೆದಷ್ಟೂ ಏರಲಿ. ಈಗ ದೀಪ ಆರಿಸಿದರೆ, ಮೂರು ಫ್ರೇಮ್ ಸೇರಿಸುವ ಮುಂಚಿನದನ್ನೂ ಆಮೇಲಿನದನ್ನೂ ಒಂದಾದ ಮೇಲೊಂದು ತೋರಿಸುತ್ತೇನೆ.