ಇಪ್ಪತ್ನಾಲ್ಕು ತಿಂಗಳ ಬ್ರಿಟನ್: ಯುವ ವೃತ್ತಿಪರರ ವೀಸಾದ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

'ವರ್ಕಿಂಗ್ ಹಾಲಿಡೇ ವೀಸಾ' ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಮಾಹಿತಿಯಲ್ಲಿ ಬಹುಪಾಲು ನಮಗೆ ಬರೆದದ್ದಲ್ಲ. ಜರ್ಮನಿಯ ಹುಡುಗ ಆಸ್ಟ್ರೇಲಿಯಾಕ್ಕೆ ಹೋಗುವುದು, ಫ್ರಾನ್ಸಿನ ಹುಡುಗಿ ಕೆನಡಾಕ್ಕೆ ಹೋಗುವುದು, ಹೀಗೆ. ಇವು ಎರಡು ದೇಶಗಳ ನಡುವಿನ ಒಪ್ಪಂದದಿಂದ ಹುಟ್ಟಿದ ವೀಸಾಗಳು. ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಭಾರತದ ಪಾಸ್‌ಪೋರ್ಟಿಗೆ ಇಂಥ ಬಾಗಿಲು ತೆರೆದದ್ದು ಇತ್ತೀಚೆಗೆ. 2023ರ ಫೆಬ್ರವರಿಯಲ್ಲಿ ಬ್ರಿಟನ್, 2024ರಲ್ಲಿ ಆಸ್ಟ್ರೇಲಿಯಾ. ಆಸ್ಟ್ರೇಲಿಯಾದಲ್ಲೂ ನಮಗೆ ಸಿಕ್ಕಿದ್ದು 462 ಸಂಖ್ಯೆಯ 'ವರ್ಕ್ ಅಂಡ್ ಹಾಲಿಡೇ' ವೀಸಾ. ಹೆಚ್ಚು ಪ್ರಸಿದ್ಧವಾದ 417 ಭಾರತೀಯರಿಗಿಲ್ಲ. 462ರಲ್ಲಿ ಒಂದು ವರ್ಷ ಇರಬಹುದು, ಆದರೆ ಸಾಮಾನ್ಯವಾಗಿ ಒಬ್ಬ ಮಾಲೀಕರ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ತಿರುಗಾಟವೇ ಮುಖ್ಯ, ಕೆಲಸ ಖರ್ಚಿಗೆ ಎಂಬುದು ಅಲ್ಲಿನ ಧಾಟಿ.

ಇವತ್ತು ನಾನು ಬ್ರಿಟನ್ನಿನದನ್ನಷ್ಟೇ ಎತ್ತಿಕೊಳ್ಳುತ್ತೇನೆ. ಅದರ ಹೆಸರು 'ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್'. ಎರಡು ವರ್ಷ ಇರಬಹುದು, ಕೆಲಸ ಕೊಡುವವರು ಮೊದಲೇ ಗೊತ್ತಾಗಿರಬೇಕಿಲ್ಲ, ಇಂಗ್ಲಿಷ್ ಪರೀಕ್ಷೆ ಬರೆಯಬೇಕಿಲ್ಲ. ಕೇಳಲು ಸಲೀಸು. ಆದರೆ ಇದರಲ್ಲಿ ಮುಗ್ಗರಿಸುವವರು ಅರ್ಹತೆ ಇಲ್ಲದೆ ಮುಗ್ಗರಿಸುವುದು ಕಡಿಮೆ, ತಾರೀಖುಗಳನ್ನು ಜೋಡಿಸಲಾಗದೆ ಮುಗ್ಗರಿಸುವುದೇ ಹೆಚ್ಚು. ಹಾಗಾಗಿ ನನ್ನ ಮಾತು ಹೆಚ್ಚಾಗಿ ಕ್ಯಾಲೆಂಡರಿನ ಸುತ್ತಲೇ ಇರುತ್ತದೆ.

ಮೊದಲು ಯಾರು ಅರ್ಹರು ನೋಡೋಣ. ಭಾರತದ ಪ್ರಜೆಯಾಗಿರಬೇಕು. ವಯಸ್ಸು 18ರಿಂದ 30. ಅಂದರೆ ವೀಸಾಕ್ಕೆ ಅರ್ಜಿ ಹಾಕುವ ದಿನ 31 ತುಂಬಿರಬಾರದು. ಹೋದಮೇಲೆ ಅಲ್ಲಿ ತುಂಬಿದರೆ ತೊಂದರೆಯಿಲ್ಲ, ವೀಸಾ ಮುಗಿಯುವವರೆಗೆ ಇರಬಹುದು. ಪದವಿ ಮುಗಿದಿರಬೇಕು, ಕೊನೆಯ ಸೆಮಿಸ್ಟರಿನಲ್ಲಿರುವವರಿಗೆ ಆಗುವುದಿಲ್ಲ. ಘಟಿಕೋತ್ಸವ ಇನ್ನೂ ಆಗಿಲ್ಲದಿದ್ದರೆ, ಪದವಿ ಕೊಟ್ಟಾಗಿದೆ ಎಂದು ಸ್ಪಷ್ಟವಾಗಿ ಹೇಳುವ ಪತ್ರವನ್ನು ವಿಶ್ವವಿದ್ಯಾಲಯದಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗದ ವೇಗ ನಿಮಗೇ ಗೊತ್ತು. ಖಾತೆಯಲ್ಲಿ 2,530 ಪೌಂಡಿನಷ್ಟು ಹಣ ಇರಬೇಕು. ಮದುವೆಯಾಗಿದ್ದರೆ ಅಡ್ಡಿಯಿಲ್ಲ, ಆದರೆ ಗಂಡನನ್ನೋ ಹೆಂಡತಿಯನ್ನೋ ಇದೇ ಅರ್ಜಿಯಲ್ಲಿ ಸೇರಿಸುವಂತಿಲ್ಲ. ಜೊತೆಯಲ್ಲಿರುವ ಅಥವಾ ನೀವು ಸಾಕುತ್ತಿರುವ 18ರೊಳಗಿನ ಮಕ್ಕಳಿದ್ದರೆ ಈ ವೀಸಾ ಸಿಗುವುದಿಲ್ಲ. ಒಮ್ಮೆ ಈ ವೀಸಾದಲ್ಲಿ ಹೋಗಿ ಬಂದವರಿಗೆ ಎರಡನೆಯ ಅವಕಾಶವೂ ಇಲ್ಲ.

ಇಷ್ಟಿದ್ದರೂ ನೇರವಾಗಿ ಅರ್ಜಿ ಹಾಕಲಾಗದು. ವರ್ಷಕ್ಕೆ 3,000 ಜಾಗ, ಅದಕ್ಕೆ ಬ್ಯಾಲೆಟ್, ಅಂದರೆ ಚೀಟಿ ಎತ್ತುವುದು. 2024 ಮತ್ತು 2025ರಲ್ಲಿ ಫೆಬ್ರವರಿಗೊಮ್ಮೆ, ಜುಲೈಗೊಮ್ಮೆ ಬ್ರಿಟನ್ ಸರ್ಕಾರದ GOV.UK ತಾಣದಲ್ಲಿ ಎರಡು ದಿನ ಮಾತ್ರ ಇದರ ನೋಂದಣಿ ತೆರೆದಿತ್ತು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ, ಅದರ ಫೋಟೊ ಅಥವಾ ಸ್ಕ್ಯಾನ್, ಫೋನ್, ಇಮೇಲ್ ಕೊಟ್ಟರೆ ಮುಗಿಯಿತು. ಶುಲ್ಕವಿಲ್ಲ. ಒಬ್ಬರಿಗೆ ಒಂದೇ ನೋಂದಣಿ. ಆಯ್ಕೆ ಕಂಪ್ಯೂಟರ್ ಮಾಡುತ್ತದೆ; ನಿಮ್ಮ ಅಂಕ, ಅನುಭವ, ಸಂಬಳ ಯಾವುದೂ ಲೆಕ್ಕಕ್ಕಿಲ್ಲ. ಆದ್ದರಿಂದ 'ಬ್ಯಾಲೆಟ್‌ನಲ್ಲಿ ಹೆಸರು ಬರುವ ಹಾಗೆ ಮಾಡಿಕೊಡುತ್ತೇವೆ' ಎಂದು ಹಣ ಕೇಳುವ ಏಜೆಂಟ್ ಮಾರುತ್ತಿರುವುದು ಅವರ ಕೈಯಲ್ಲೇ ಇಲ್ಲದ ಸರಕು. ಎರಡು ವಾರದೊಳಗೆ ಇಮೇಲ್ ಬರುತ್ತದೆ. ಆಯ್ಕೆಯಾಗದಿದ್ದರೆ ಮೇಲ್ಮನವಿ ಇಲ್ಲ, ಮುಂದಿನ ಸಲ ಮತ್ತೆ ಹೆಸರು ಕೊಡಬಹುದು.

ಹೆಸರು ಬಂತು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ 90 ದಿನ ಸಮಯವಿರುತ್ತದೆ. ಅಷ್ಟರಲ್ಲಿ ಅರ್ಜಿ ತುಂಬಿ, ಎಲ್ಲ ಶುಲ್ಕ ಕಟ್ಟಿ, ಬೆರಳಚ್ಚು ಕೊಟ್ಟಾಗಿರಬೇಕು. ಇಲ್ಲಿ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಸುಮಾ, ದಾವಣಗೆರೆಯವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆಗಸ್ಟ್ 6ಕ್ಕೆ ಅವಳಿಗೆ ಇಮೇಲ್ ಬಂತು. ತೊಂಬತ್ತು ದಿನ ಎಂದರೆ ನವೆಂಬರ್ 4. ಆದರೆ ನವೆಂಬರ್ 3ಕ್ಕೆ ಅವಳಿಗೆ 31 ತುಂಬುತ್ತದೆ. ಹಾಗಾಗಿ ಅವಳ ನಿಜವಾದ ಗಡುವು ನವೆಂಬರ್ 2. ಇಮೇಲಿನಲ್ಲಿರುವ ತಾರೀಖನ್ನಷ್ಟೇ ನೋಡಿಕೊಂಡಿದ್ದರೆ ಎರಡು ದಿನದಲ್ಲಿ ಎಲ್ಲ ಕೈತಪ್ಪುತ್ತಿತ್ತು.

ಈಗ ಹಣದ ಕಥೆ. ನಿಯಮ ಇಷ್ಟು: 2,530 ಪೌಂಡಿನಷ್ಟು ಹಣ ಸತತ 28 ದಿನ ಖಾತೆಯಲ್ಲಿರಬೇಕು, ಆ 28ನೇ ದಿನ ಅರ್ಜಿಯ ದಿನಕ್ಕಿಂತ 31 ದಿನದೊಳಗಿನದಾಗಿರಬೇಕು. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೆ 2,90,950 ರೂಪಾಯಿ. ಸುಮಾ ಮ್ಯೂಚುವಲ್ ಫಂಡ್ ಬಿಡಿಸಿ ಆಗಸ್ಟ್ 20ಕ್ಕೆ ಉಳಿತಾಯ ಖಾತೆಯಲ್ಲಿ ಸರಿಯಾಗಿ ಮೂರು ಲಕ್ಷ ಮಾಡಿಟ್ಟಳು. ಬಿಡಿಸಿದ್ದು ಸರಿಯೇ, ಷೇರು, ಫಂಡುಗಳನ್ನು ವೀಸಾ ಅಧಿಕಾರಿಗಳು ಹಣವೆಂದು ಎಣಿಸುವುದಿಲ್ಲ. ಸೆಪ್ಟೆಂಬರ್ 5ಕ್ಕೆ ಗಾಡಿಯ ಸಾಲದ ಕಂತು 12,000 ಕಡಿತವಾಯಿತು. ಉಳಿದದ್ದು 2,88,000. ಮರುದಿನ ಸಂಬಳ ಜಮೆಯಾಗಿ ಖಾತೆ ಮತ್ತೆ ತುಂಬಿತು. ಒಂದೇ ಒಂದು ದಿನ, ಮೂರು ಸಾವಿರದಷ್ಟು ಕೊರತೆ. ಅವಳ ಕಣ್ಣಿಗೆ ಅದು ಏನೂ ಅಲ್ಲ, ಆದರೆ ಅರ್ಜಿ ನೋಡುವ ಅಧಿಕಾರಿಗೆ ಅಲ್ಲಿಗೆ ಎಣಿಕೆ ತುಂಡಾಯಿತು. ಸರಾಸರಿ ಶಿಲ್ಕು ನೋಡುವ ಪದ್ಧತಿ ಇಲ್ಲ, ಪ್ರತಿದಿನದ ಕೊನೆಯ ಮೊತ್ತ ನೋಡುತ್ತಾರೆ. ಎಣಿಕೆ ಸೆಪ್ಟೆಂಬರ್ 6ರಿಂದ ಹೊಸದಾಗಿ ಶುರುವಾಗಿ ಅಕ್ಟೋಬರ್ 3ಕ್ಕೆ 28 ದಿನ ತುಂಬುತ್ತದೆ. ಸುಮಾಗೆ ಇನ್ನೂ ಸಮಯ ಉಳಿದಿದೆ, ಅಷ್ಟೇ ಅದೃಷ್ಟ.

ಇನ್ನೊಂದು ಸೂಕ್ಷ್ಮ ಇದೆ. ರೂಪಾಯಿಯನ್ನು ಪೌಂಡಿಗೆ ತಿರುಗಿಸುವುದು ಅರ್ಜಿ ಹಾಕುವ ದಿನದ ದರದಲ್ಲಿ, ಅದೂ ವಿದೇಶಿ ವಿನಿಮಯದ ದರ ತೋರಿಸುವ OANDA ತಾಣದ ದರದಲ್ಲಿ. ನಿಮ್ಮ ಬ್ಯಾಂಕಿನ ದರದಲ್ಲಲ್ಲ. ಪೌಂಡ್ 120ಕ್ಕೆ ಏರಿತು ಎಂದರೆ ಬೇಕಾಗುವುದು 3,03,600. ಒಂದು ತಿಂಗಳ ಹಿಂದೆ ಸಾಕಾಗಿದ್ದ ಮೂರು ಲಕ್ಷ ಈಗ ಸಾಲದು, ಹಿಂದಿನ 28 ದಿನವನ್ನು ತಿದ್ದಲೂ ಆಗದು. ಆದ್ದರಿಂದ ಮೂರೂಕಾಲು ಲಕ್ಷವನ್ನು ಬೇರೆಯದೇ ಒಂದು ಖಾತೆಯಲ್ಲಿಟ್ಟು, ಯುಪಿಐ, ಕಂತು, ಆಟೋ ಡೆಬಿಟ್ ಯಾವುದನ್ನೂ ಅದಕ್ಕೆ ಜೋಡಿಸದೆ ಸುಮ್ಮನೆ ಬಿಡುವುದು ಒಳ್ಳೆಯದು.

ಶುಲ್ಕ ಇದರ ಹೊರಗೆ. 2025ರ ಏಪ್ರಿಲ್‌ನಿಂದ ವೀಸಾ ಶುಲ್ಕ 319 ಪೌಂಡ್ ಆಯಿತು. ಅದಕ್ಕಿಂತ ದೊಡ್ಡದು ಆರೋಗ್ಯ ಸರ್ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಬಳಸಲು ಕಟ್ಟುವ ಹಣ: ವರ್ಷಕ್ಕೆ 776 ಪೌಂಡಿನಂತೆ ಎರಡು ವರ್ಷದ್ದು ಒಟ್ಟಿಗೆ 1,552. ಎರಡೂ ಸೇರಿ 1,871 ಪೌಂಡ್, ಅದೇ 115ರ ಲೆಕ್ಕದಲ್ಲಿ 2,15,165 ರೂಪಾಯಿ. ಈ ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ಮುನ್ನ ಸರ್ಕಾರಿ ತಾಣದಲ್ಲೇ ನೋಡಿಕೊಳ್ಳಿ. ವೀಸಾ ನಿರಾಕರಿಸಿದರೆ ಸರ್ಚಾರ್ಜ್ ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಇದರ ಜೊತೆಗೆ ಕ್ಷಯದ ಪರೀಕ್ಷೆ. ಬ್ರಿಟನ್ ಒಪ್ಪಿದ ಕ್ಲಿನಿಕ್‌ನಲ್ಲೇ ಎದೆಯ ಎಕ್ಸ್‌ರೇ ತೆಗೆಸಬೇಕು, ಊರಿನ ಡಯಾಗ್ನೋಸ್ಟಿಕ್ ಸೆಂಟರಿನ ವರದಿ ನಡೆಯುವುದಿಲ್ಲ. ಸರ್ಟಿಫಿಕೇಟಿಗೆ ಆರು ತಿಂಗಳ ಆಯಸ್ಸು. ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡರೆ ಕಫದ ಪರೀಕ್ಷೆಗೆ ಕಳಿಸುತ್ತಾರೆ, ಅದರ ಕಲ್ಚರ್ ವರದಿಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಹಿಂದೆ ಕ್ಷಯ ಬಂದು ಗುಣವಾದವರು ಬ್ಯಾಲೆಟ್ ಇಮೇಲ್ ಬಂದ ವಾರವೇ ಈ ಕೆಲಸ ಮುಗಿಸಿಕೊಳ್ಳಬೇಕು.

ಅರ್ಜಿಯಲ್ಲಿ ಒಂದು ಸಣ್ಣ ಪ್ರಶ್ನೆ ಬರುತ್ತದೆ: ಯಾವತ್ತು ಪ್ರಯಾಣ? ಬಹಳ ಮಂದಿ ಇದಕ್ಕೆ ಏನೋ ಒಂದು ತಾರೀಖು ತುಂಬುತ್ತಾರೆ. ಆ ದಿನದಿಂದಲೇ ನಿಮ್ಮ 24 ತಿಂಗಳ ಗಡಿಯಾರ ಓಡತೊಡಗುತ್ತದೆ, ನೀವು ವಿಮಾನ ಇಳಿದ ದಿನದಿಂದಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ಅವಧಿ ಸಾಮಾನ್ಯ. ಸುಮಾ ಅಕ್ಟೋಬರ್ 10ಕ್ಕೆ ಅರ್ಜಿ ಹಾಕಿ, ಪ್ರಯಾಣ ನವೆಂಬರ್ 15 ಎಂದು ಬರೆದಳು ಎನ್ನಿ. ಬೆರಳಚ್ಚು ಕೊಟ್ಟಮೇಲೆ ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ. ವೀಸಾ ಬಂದಮೇಲೆ ರಾಜೀನಾಮೆ ಕೊಟ್ಟರೆ ಅವಳು ಲಂಡನ್ ತಲುಪುವ ಹೊತ್ತಿಗೆ ಫೆಬ್ರವರಿ. ಕಟ್ಟಿದ ಸರ್ಚಾರ್ಜಿನಲ್ಲಿ ಮೂರು ತಿಂಗಳು ಬೆಂಗಳೂರಿನಲ್ಲೇ ಕರಗಿಹೋಯಿತು. ಅರ್ಜಿ ಹಾಕಿದ ಆರು ತಿಂಗಳೊಳಗಿನ ಯಾವ ದಿನವನ್ನಾದರೂ ಬರೆಯಬಹುದಾದ್ದರಿಂದ ಅವಳು ಬರೆಯಬೇಕಾದದ್ದು ಫೆಬ್ರವರಿ 10ರ ಆಸುಪಾಸು.

ಅಲ್ಲಿಗೆ ಹೋದಮೇಲೆ ಕೆಲಸಕ್ಕೆ ಬರುವುದು ಇ-ವೀಸಾ, ಅಂದರೆ ಆನ್‌ಲೈನಿನಲ್ಲಿರುವ ನಿಮ್ಮ ವೀಸಾದ ದಾಖಲೆ. ಬ್ರಿಟನ್ನಿನ ವೀಸಾ ಇಲಾಖೆಯಾದ ಯುಕೆವಿಐನ ಖಾತೆಗೆ ಲಾಗಿನ್ ಆಗಿ, ಆ ದಾಖಲೆಯನ್ನು ತೋರಿಸುವ ಒಂಬತ್ತು ಅಕ್ಷರದ ಶೇರ್ ಕೋಡ್ ತೆಗೆದು ಮಾಲೀಕರಿಗೆ ಕೊಡಬೇಕು. ಕೆಲಸಕ್ಕೆ ಕೊಡುವ ಕೋಡ್ W ಅಕ್ಷರದಿಂದ ಶುರುವಾಗುತ್ತದೆ, 90 ದಿನ ನಡೆಯುತ್ತದೆ. ಮನೆ ಬಾಡಿಗೆಗೆ ಬೇರೆ ಕೋಡ್. ಒಂದರ ಬದಲು ಇನ್ನೊಂದು ಕೊಟ್ಟರೆ ಎದುರಿನವರ ಪರದೆಯಲ್ಲಿ ಮಾಹಿತಿ ತೆರೆಯುವುದಿಲ್ಲ, ಆಗ ವೀಸಾದಲ್ಲೇ ದೋಷವಿದೆ ಎಂದು ಗಾಬರಿಯಾಗುತ್ತದೆ. ಕೋಡಿನ ಮೊದಲ ಅಕ್ಷರ ನೋಡಿದರೆ ಸಾಕು. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಅದರ ಸಂಖ್ಯೆಯನ್ನು ಈ ಖಾತೆಗೆ ಸೇರಿಸುವುದನ್ನೂ ಮರೆಯಬೇಡಿ.

ಕೆಲಸದ ವಿಷಯದಲ್ಲಿ ಕೈ ಬಹುತೇಕ ಬಿಚ್ಚಿದೆ. ಹೋಟೆಲಿನಲ್ಲಿ ಬಡಿಸಬಹುದು, ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಬರೆಯಬಹುದು, ಮಾಲೀಕರನ್ನು ಬದಲಿಸಬಹುದು, ಓದಬಹುದು. ವೃತ್ತಿಪರ ಆಟಗಾರ ಅಥವಾ ಕೋಚ್ ಆಗುವಂತಿಲ್ಲ. ಸ್ವಂತ ವ್ಯವಹಾರಕ್ಕೂ ಅವಕಾಶವಿದೆ, ಆದರೆ ಜಾಗ ಬಾಡಿಗೆಯದಾಗಿರಬೇಕು, ಸಲಕರಣೆ 5,000 ಪೌಂಡ್ ಮೀರಬಾರದು, ಆಳುಗಳನ್ನು ಇಟ್ಟುಕೊಳ್ಳಬಾರದು.

ತೊಡಕು ಬರುವುದು ಸಂದರ್ಶನದಲ್ಲಿ. 'ನಿಮಗೆ ಸ್ಪಾನ್ಸರ್‌ಶಿಪ್ ಬೇಕೇ?' ಎಂಬ ಪ್ರಶ್ನೆ, ಅಂದರೆ ನಿಮ್ಮ ವೀಸಾಕ್ಕೆ ಕಂಪನಿಯೇ ಹೊಣೆ ನಿಲ್ಲಬೇಕೇ ಎಂಬುದು, ಅಲ್ಲಿನ ಅರ್ಜಿಗಳಲ್ಲಿ ಮಾಮೂಲು. ಇಂಥ ತಾರೀಖಿನವರೆಗೆ ಬೇಡ ಎಂಬುದೇ ಸರಿಯಾದ ಉತ್ತರ. ತಾರೀಖನ್ನು ಮುಚ್ಚಿಟ್ಟರೆ ಉಪಯೋಗವಿಲ್ಲ, ಶೇರ್ ಕೋಡ್ ಹಾಕಿದ ಕೂಡಲೇ ವೀಸಾ ಮುಗಿಯುವ ದಿನ ಅವರಿಗೆ ಕಾಣುತ್ತದೆ.

ಈ ವೀಸಾವನ್ನು ಮುಂದುವರಿಸಲು ಬರುವುದಿಲ್ಲ. ಅಲ್ಲೇ ಇದ್ದುಕೊಂಡು ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಸ್ಪಾನ್ಸರ್ ಮಾಡುವ ಲೈಸೆನ್ಸ್ ಇರುವ ಕಂಪನಿ ಬೇಕು, ಪದವಿ ಮಟ್ಟದ ಹುದ್ದೆ ಬೇಕು. 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಆ ಹುದ್ದೆಗೆ ನಿಗದಿಯಾದ ಸಂಬಳ ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದೇ ಲೆಕ್ಕ. 26ರೊಳಗಿನವರಿಗೆ ಕಡಿಮೆ ಮಿತಿಯ ರಿಯಾಯಿತಿ ಇದೆ. ಅಂದರೆ 22ಕ್ಕೆ ಹೋದವರಿಗೆ ಬದಲಾವಣೆ ಸುಲಭ, 30ಕ್ಕೆ ಹೋದ ಸುಮಾಗೆ ಕಷ್ಟ. ಬದಲಾಯಿಸಿಕೊಂಡರೂ ಆ ವೀಸಾದಲ್ಲಿ ಕಾಯಂ ವಾಸಕ್ಕೆ ಎಣಿಸುವ ವರ್ಷಗಳಿಗೆ ಈ ಎರಡು ವರ್ಷ ಸೇರುವುದಿಲ್ಲ, ಎಣಿಕೆ ಒಂದರಿಂದಲೇ ಶುರು.

ಹೊಸ ಅರ್ಜಿ ಹಳೆಯ ವೀಸಾ ಮುಗಿಯುವ ಮೊದಲೇ ಹೋಗಿರಬೇಕು. ಕಂಪನಿಗೆ ಲೈಸೆನ್ಸ್ ಇದೆಯೇ ಎಂಬುದನ್ನು ಬ್ರಿಟನ್ ಸರ್ಕಾರ ಪ್ರಕಟಿಸುವ ಸ್ಪಾನ್ಸರ್‌ಗಳ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಉಳಿಯುವ ಮನಸ್ಸಿದ್ದರೆ ಆ ಪಟ್ಟಿಯನ್ನು ನೋಡಬೇಕಾದದ್ದು ಇಪ್ಪತ್ಮೂರನೇ ತಿಂಗಳಲ್ಲಲ್ಲ, ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ.